ಐದು ನಿಮಿಷದ ಕುಪ್ಪಳಿಕೆ: ಓಟಗಾರರು ಎಷ್ಟರಿಂದ ಶುರು ಮಾಡಬೇಕು, ವಾರದಲ್ಲಿ ಎಲ್ಲಿ ಸೇರಿಸಬೇಕು?

ಒಂದೇ ವೇಗದಲ್ಲಿ ಇಬ್ಬರು ಅಕ್ಕಪಕ್ಕ ಓಡುತ್ತಿದ್ದಾರೆ. ಒಬ್ಬರು ಮಾತಾಡುತ್ತ ಓಡುತ್ತಾರೆ, ಇನ್ನೊಬ್ಬರಿಗೆ ಏದುಸಿರು. ಇದಕ್ಕೆ ಕಾರಣ ಹೃದಯದ ಬಲ ಮಾತ್ರ ಅಲ್ಲ. ಅದೇ ವೇಗಕ್ಕೆ ಒಬ್ಬರ ದೇಹ ಕಡಿಮೆ ಆಮ್ಲಜನಕದಲ್ಲಿ ಕೆಲಸ ಮುಗಿಸುತ್ತಿರಬಹುದು. ಬೈಕಿನ ಭಾಷೆಯಲ್ಲಿ ಹೇಳಿದರೆ ಮೈಲೇಜು, ಓಟಗಾರರ ಭಾಷೆಯಲ್ಲಿ ರನ್ನಿಂಗ್ ಎಕಾನಮಿ. ಕಿಲೋಮೀಟರ್ ಹೆಚ್ಚಿಸದೆಯೂ ಇದನ್ನು ಸ್ವಲ್ಪ ಸುಧಾರಿಸಿಕೊಳ್ಳಬಹುದು. ಅದಕ್ಕಿರುವ ದಾರಿಗಳಲ್ಲಿ ಒಂದು, ನಿಂತಲ್ಲೇ ಕುಪ್ಪಳಿಸುವುದು.

ಇಂಥ ಜಿಗಿತದ ವ್ಯಾಯಾಮಗಳಿಗೆ ಪ್ಲೈಯೊಮೆಟ್ರಿಕ್ ಎನ್ನುತ್ತಾರೆ. ಆ ಹೆಸರು ಕೇಳಿದ ಕೂಡಲೇ ಎತ್ತರದ ಪೆಟ್ಟಿಗೆಯ ಮೇಲೆ ಹಾರುವ ವಿಡಿಯೊಗಳು ಕಣ್ಣಿಗೆ ಬರುತ್ತವೆ. ಅದನ್ನು ಸದ್ಯಕ್ಕೆ ಮರೆತುಬಿಡಿ. ಈ ಲೇಖನದಲ್ಲಿರುವುದು ಒಂದೇ ವ್ಯಾಯಾಮ: ಮೊಣಕಾಲು ಹೆಚ್ಚು ಮಡಿಸದೆ, ಪಾದದ ಕೀಲಿನಿಂದ ಚೆಂಡಿನಂತೆ ಪುಟಿಯುವ ಕುಪ್ಪಳಿಕೆ. ಜಿಮ್‌ಗಳಲ್ಲಿ ಇದನ್ನು ಪೋಗೊ ಎನ್ನುತ್ತಾರೆ. ಹವ್ಯಾಸಿ ಓಟಗಾರರು ಮೊದಲ ಎರಡು ತಿಂಗಳು ಇದೊಂದನ್ನೇ ಸರಿಯಾಗಿ ಮಾಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಕುಪ್ಪಳಿಸಿದರೆ ಓಟಕ್ಕೇನು ಲಾಭ?

ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕಿರುವ ದಪ್ಪ ಹುರಿಯೇ ಅಕಿಲಿಸ್ ಸ್ನಾಯುರಜ್ಜು. ಓಡುವಾಗ ಪಾದ ನೆಲಕ್ಕೆ ತಾಗಿದ ಕೂಡಲೇ ಅದು ಎಳೆದ ರಬ್ಬರಿನಂತೆ ಹಿಗ್ಗುತ್ತದೆ, ಪಾದ ನೆಲ ಬಿಡುವಾಗ ಮರಳಿ ಕುಗ್ಗಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಹಿಗ್ಗುವಾಗ ಕೂಡಿಟ್ಟ ಶಕ್ತಿಯ ಬಹುಪಾಲು ಪುಕ್ಕಟೆಯಾಗಿ ವಾಪಸ್ಸು ಬರುತ್ತದೆ. ಮೀನಖಂಡದ ಸ್ನಾಯು ಬಿಗಿಹಿಡಿದು ನಿಂತರೆ ಸಾಕು, ಬೇಗ ಬೇಗ ಕುಗ್ಗಿ ದುಡಿಯಬೇಕಾಗಿಲ್ಲ. ಸ್ನಾಯು ಎಷ್ಟು ವೇಗವಾಗಿ ಕುಗ್ಗಬೇಕಾಗುತ್ತದೋ ಅಷ್ಟು ಹೆಚ್ಚು ಇಂಧನ ಸುಡುತ್ತದೆ. ಆದ್ದರಿಂದ ರಜ್ಜು ಗಟ್ಟಿಯಾಗಿದ್ದು, ಸ್ನಾಯು ಅದನ್ನು ಸರಿಯಾದ ಕ್ಷಣಕ್ಕೆ ಹಿಡಿದು ನಿಲ್ಲಿಸಿದರೆ ಪ್ರತಿ ಹೆಜ್ಜೆಯಲ್ಲೂ ಚೂರುಪಾರು ಉಳಿತಾಯ. ಅರ್ಧ ಗಂಟೆಯ ಓಟದಲ್ಲಿ ಐದು ಸಾವಿರದ ಆಸುಪಾಸು ಹೆಜ್ಜೆಗಳಿರುತ್ತವೆ, ಚೂರುಪಾರು ಸೇರಿ ಲೆಕ್ಕಕ್ಕೆ ಬರುತ್ತದೆ.

1999ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ ಓಟಗಾರರು ಒಂಬತ್ತು ವಾರ ತಮ್ಮ ತರಬೇತಿಯ ಸುಮಾರು ಮೂರನೆಯ ಒಂದು ಭಾಗವನ್ನು ಜಿಗಿತ, ಸ್ಪ್ರಿಂಟ್‌ಗಳಿಗೆ ಬಿಟ್ಟುಕೊಟ್ಟರು. ಅವರ 5 ಕಿ.ಮೀ. ಸಮಯ ಸುಧಾರಿಸಿತು, ಎಕಾನಮಿಯೂ ಸುಧಾರಿಸಿತು. ಆದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ, ಅಂದರೆ ವಿಒ2 ಮ್ಯಾಕ್ಸ್, ಹೆಚ್ಚಲಿಲ್ಲ. ಲಾಭ ಬಂದದ್ದು ಉಸಿರಿನಿಂದಲ್ಲ, ಕಾಲಿನಿಂದ. 2023ರಲ್ಲಿ ಬಂದ ಇನ್ನೊಂದು ಅಧ್ಯಯನ ನಮ್ಮಂಥವರಿಗೆ ಹೆಚ್ಚು ಹತ್ತಿರದ್ದು. ಅದರಲ್ಲಿ ಹವ್ಯಾಸಿ ಓಟಗಾರರು ಆರು ವಾರ ದಿನಕ್ಕೆ ಐದು ನಿಮಿಷ ಎರಡೂ ಕಾಲಿನಲ್ಲಿ ಕುಪ್ಪಳಿಸಿದರು. ಗಂಟೆಗೆ 12 ಮತ್ತು 14 ಕಿ.ಮೀ. ವೇಗದಲ್ಲಿ ಅವರ ಎಕಾನಮಿ ಉತ್ತಮವಾಯಿತು, 10 ಕಿ.ಮೀ. ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಓಟವೆಲ್ಲ ಕಿಲೋಮೀಟರಿಗೆ ಆರೂವರೆ, ಏಳು ನಿಮಿಷದ್ದಾಗಿದ್ದರೆ ಕುಪ್ಪಳಿಕೆಯಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಆ ಹಂತದಲ್ಲಿ ವಾರಕ್ಕೆ ಇನ್ನೊಂದು ದಿನ ಓಡುವುದೇ ಹೆಚ್ಚು ಲಾಭ.

ಶುರು ಮಾಡುವ ಮುನ್ನ ಒಂದು ಪರೀಕ್ಷೆ

ಗೋಡೆಗೆ ಬೆರಳು ತಾಗಿಸಿಕೊಂಡು ಒಂಟಿಗಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಮೊಣಕಾಲು ನೇರವಿರಲಿ, ಹಿಮ್ಮಡಿ ಪೂರ್ತಿ ಮೇಲೆ ಹೋಗಲಿ. ಒಂದೊಂದು ಕಾಲಿನಲ್ಲೂ 20 ಸಲ ನೋವಿಲ್ಲದೆ ಆಗಬೇಕು. ಹನ್ನೆರಡಕ್ಕೇ ಕಾಲು ನಡುಗಿದರೆ ಮೊದಲ ನಾಲ್ಕು ವಾರ ಈ ಹಿಮ್ಮಡಿ ಎತ್ತುವ ವ್ಯಾಯಾಮವನ್ನೇ ವಾರಕ್ಕೆ ಮೂರು ದಿನ ಮಾಡಿ. ಕುಪ್ಪಳಿಕೆ ಎಲ್ಲೂ ಓಡಿಹೋಗುವುದಿಲ್ಲ.

ಕಳೆದ ಮೂರು ತಿಂಗಳು ಬಿಡದೆ ಓಡಿದವರು ಮಾತ್ರ ಶುರು ಮಾಡುವುದು ಒಳ್ಳೆಯದು. ಅಕಿಲಿಸ್ ಅಥವಾ ಅಂಗಾಲಿನಲ್ಲಿ ಈಗಾಗಲೇ ನೋವಿದ್ದರೆ, ಇತ್ತೀಚೆಗೆ ಮೂಳೆಯಲ್ಲಿ ಒತ್ತಡದ ಬಿರುಕು ಬಿಟ್ಟಿದ್ದರೆ ಫಿಸಿಯೊ ಒಬ್ಬರನ್ನು ಕೇಳದೆ ಬೇಡ. ಹೆಚ್ಚಿನವರಿಗೆ ಗೊತ್ತಿರದ ಒಂದು ಸಂಗತಿಯೂ ಇದೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್‌ನಂತಹ ಆ್ಯಂಟಿಬಯಾಟಿಕ್‌ಗಳು ಸ್ನಾಯುರಜ್ಜನ್ನು, ಅದರಲ್ಲೂ ಅಕಿಲಿಸನ್ನು, ದುರ್ಬಲಗೊಳಿಸಬಲ್ಲವು. ಮಾತ್ರೆ ಮುಗಿದು ಕೆಲವು ತಿಂಗಳವರೆಗೂ ಈ ಅಪಾಯ ಇರಬಹುದು. ಇತ್ತೀಚೆಗೆ ಅವನ್ನು ತೆಗೆದುಕೊಂಡಿದ್ದರೆ ವೈದ್ಯರನ್ನು ವಿಚಾರಿಸಿಯೇ ಮುಂದುವರಿಯಿರಿ. ಹೆರಿಗೆಯ ನಂತರ ಓಟಕ್ಕೆ ಮರಳಿದವರಿಗೆ ಕುಪ್ಪಳಿಸುವಾಗ ಮೂತ್ರ ಜಿನುಗಿದರೆ ಅದೂ ನಿಲ್ಲಿಸಬೇಕಾದ ಸೂಚನೆಯೇ. ನಾಚಿಕೆಪಟ್ಟುಕೊಂಡು ಮುಂದುವರಿಸುವುದು ಬೇಡ.

ಮಾಡುವ ಬಗೆ

ಗಟ್ಟಿಯಾದ, ಸಮತಟ್ಟಾದ ನೆಲ ಬೇಕು. ಮರಳು, ಮೆತ್ತನೆಯ ಹಾಸು ಬೇಡ. ನೆಲವೇ ಪೆಟ್ಟನ್ನು ನುಂಗಿಬಿಟ್ಟರೆ ರಜ್ಜಿಗೆ ಕೆಲಸ ಉಳಿಯುವುದಿಲ್ಲ. ದಿನವೂ ಓಡುವ ಶೂ ಹಾಕಿಕೊಳ್ಳಿ. ತೀರಾ ದಪ್ಪ ಫೋಮಿನ ರೇಸ್ ಶೂ ಇದಕ್ಕೆ ಬೇಡ, ಬರಿಗಾಲೂ ಮೊದಲ ತಿಂಗಳು ಬೇಡ.

ಪಾದಗಳ ನಡುವೆ ಸೊಂಟದಷ್ಟು ಅಗಲ ಬಿಟ್ಟು ನೆಟ್ಟಗೆ ನಿಲ್ಲಿ. ಮೊಣಕಾಲನ್ನು ಲಾಕ್ ಮಾಡಬೇಡಿ, ಚೂರು ಸಡಿಲವಿರಲಿ. ಆಮೇಲೆ ಪಾದದ ಮುಂಭಾಗದ ಮೇಲೆ ಪುಟಿಯಲು ಶುರುಮಾಡಿ. ನೆಲದಿಂದ ಮೂರು ನಾಲ್ಕು ಬೆರಳು ಎತ್ತರ ಎದ್ದರೆ ಸಾಕು. ಗಮನವೆಲ್ಲ ನೆಲ ಮುಟ್ಟಿದ ಕೂಡಲೇ ಬಿಡುವುದರ ಮೇಲಿರಲಿ, ಕಾದ ಹೆಂಚಿನ ಮೇಲೆ ನಿಂತವರ ಹಾಗೆ. ಹಿಮ್ಮಡಿ ನೆಲಕ್ಕೆ ಸವರಿದರೆ ಪರವಾಗಿಲ್ಲ, ಧೊಪ್ಪೆಂದು ಕೂರಬಾರದು. ಸೆಕೆಂಡಿಗೆ ಎರಡು ಸಲಕ್ಕಿಂತ ಕೊಂಚ ಹೆಚ್ಚು ಪುಟಿತ ತಾನಾಗಿಯೇ ಬರುತ್ತದೆ, ಹತ್ತು ಸೆಕೆಂಡಿನಲ್ಲಿ ಇಪ್ಪತ್ತರ ಮೇಲೆ.

ಸರಿಯಾಗುತ್ತಿದೆಯೇ ಎಂಬುದನ್ನು ಕಿವಿಯೇ ಹೇಳುತ್ತದೆ. ಟಪ್ ಟಪ್ ಎಂಬ ಚುಟುಕು ಸದ್ದು ಸರಿ. ದಪ್, ದಪ್ ಎಂದು ಭಾರವಾಗಿ ಕೇಳಿಸಿದರೆ ಮೊಣಕಾಲು ಮಡಿಯುತ್ತಿದೆ, ಹಿಮ್ಮಡಿ ಕುಸಿಯುತ್ತಿದೆ ಎಂದರ್ಥ. ಇನ್ನೂ ಖಚಿತವಾಗಿ ತಿಳಿಯಬೇಕಿದ್ದರೆ ಫೋನನ್ನು ನೆಲಮಟ್ಟದಲ್ಲಿಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಚಿತ್ರಿಸಿದ್ದರೆ, ಪಾದ ನೆಲ ಮುಟ್ಟಿದ ಫ್ರೇಮಿನಿಂದ ಬಿಟ್ಟ ಫ್ರೇಮಿನವರೆಗೆ ಎಣಿಸಿ. 48 ಫ್ರೇಮ್ ಎಂದರೆ 0.2 ಸೆಕೆಂಡು, 60 ಎಂದರೆ ಕಾಲು ಸೆಕೆಂಡು. ಅರವತ್ತರ ಒಳಗಿದ್ದರೆ ಅದು ಪುಟಿತ. ಅದನ್ನು ಮೀರಿದರೆ ಅದು ಸಣ್ಣ ಸಣ್ಣ ಬೈಠಕ್. ಬೈಠಕ್ ಕೆಟ್ಟದ್ದೇನಲ್ಲ, ಆದರೆ ನಮಗೆ ಬೇಕಾದ ಕೆಲಸ ಅದರಿಂದ ಆಗುವುದಿಲ್ಲ. ಹೆಚ್ಚು ಎತ್ತರಕ್ಕೆ ಹಾರುವ ಆಸೆಯಲ್ಲೇ ಹೆಚ್ಚಿನವರು ಇಲ್ಲಿ ಎಡವುತ್ತಾರೆ.

ಆರಂಭದ ಪ್ರಮಾಣ

ಮೊದಲ ಎರಡು ವಾರ ಒಂದು ಸಲಕ್ಕೆ ಐದು ಸೆಟ್. ಒಂದು ಸೆಟ್ ಎಂದರೆ 10 ಸೆಕೆಂಡು ಕುಪ್ಪಳಿಕೆ, 50 ಸೆಕೆಂಡು ವಿರಾಮ. ಒಟ್ಟು ಐದು ನಿಮಿಷದಲ್ಲಿ ನಿಜವಾಗಿ ಕುಪ್ಪಳಿಸುವುದು ಐವತ್ತೇ ಸೆಕೆಂಡು, ನೂರರ ಮೇಲೆ ಕೆಲವು ಪುಟಿತ. ಇಂಥದ್ದು ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ರಾತ್ರಿಗಳ ಅಂತರ.

ಮಾಡಿ ಮುಗಿಸಿದಾಗ ಇಷ್ಟೇನಾ ಅನಿಸುತ್ತದೆ. ಅನಿಸಬೇಕು. ಸ್ನಾಯು ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ, ರಜ್ಜಿಗೆ ತಿಂಗಳುಗಳು ಬೇಕು. ಉಸಿರಿಗೂ ಸ್ನಾಯುವಿಗೂ ಸುಲಭವಾದ ಕೆಲಸ ರಜ್ಜಿಗೆ ಭಾರವಾಗಿರಬಹುದು, ಅದು ಆ ಹೊತ್ತಿಗೆ ಬಾಯಿ ಬಿಡುವುದಿಲ್ಲ, ಮರುದಿನ ಬೆಳಿಗ್ಗೆ ಹೇಳುತ್ತದೆ.

ಮುಂದೆ ಹೆಚ್ಚಿಸುವಾಗ ಗಡಿಯಾರದ ಐದು ನಿಮಿಷವನ್ನು ಹಾಗೆಯೇ ಇಟ್ಟುಕೊಂಡು ವಿರಾಮವನ್ನು ಮಾತ್ರ ಕಡಿಮೆ ಮಾಡುತ್ತ ಹೋಗುವುದು ನನಗೆ ಹಿಡಿಸಿದ ಕ್ರಮ. ಮೂರನೆಯ ವಾರ 40 ಸೆಕೆಂಡು ವಿರಾಮ ಕೊಟ್ಟರೆ ಆರು ಸೆಟ್ ಹಿಡಿಸುತ್ತವೆ. ನಾಲ್ಕನೆಯ ವಾರ ಮುಂದೆ ಹೋಗಬೇಡಿ, ಮೊದಲ ವಾರದ ಐದು ಸೆಟ್‌ಗೆ ಮರಳಿ. ಐದನೆಯ ವಾರ 30 ಸೆಕೆಂಡು ವಿರಾಮದಲ್ಲಿ ಏಳು ಸೆಟ್, ಆರನೆಯ ವಾರ 20 ಸೆಕೆಂಡು ವಿರಾಮದಲ್ಲಿ ಹತ್ತು ಸೆಟ್. ವಿರಾಮ ಕಡಿಮೆಯಾದಂತೆ ಸದ್ದು ದಪ್ ದಪ್ ಆಗತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಹಿಂದಿನ ವಾರದ ವಿರಾಮಕ್ಕೆ ಮರಳಿ. ಇದು ಉಸಿರಿನ ವ್ಯಾಯಾಮ ಅಲ್ಲ, ಬೆವರಿಳಿಸುವುದು ಇಲ್ಲಿ ಗುರಿಯಲ್ಲ.

ಏಳು ಮತ್ತು ಎಂಟನೆಯ ವಾರ ಎರಡು ಕಾಲಿನ ಸೆಟ್‌ಗಳನ್ನು ಮತ್ತೆ ಆರಕ್ಕೆ ಇಳಿಸಿ, ಕೊನೆಗೆ ಒಂಟಿಗಾಲಿನಲ್ಲಿ ಒಂದೊಂದು ಕಾಲಿಗೆ ಹತ್ತು ಹತ್ತರಂತೆ ಎರಡು ಸೆಟ್ ಸೇರಿಸಿ. ಕುಂಟೆಬಿಲ್ಲೆ ಆಡಿದವರಿಗೆ ಹೊಸದೇನಲ್ಲ. ಆದರೆ ಒಂದೇ ಕಾಲು ಇಡೀ ಮೈಯನ್ನು ಹೊರುವುದರಿಂದ ರಜ್ಜಿನ ಮೇಲಿನ ಹೊರೆ ಒಮ್ಮೆಗೇ ಏರುತ್ತದೆ. ಅದಕ್ಕೇ ಒಂದನ್ನು ಇಳಿಸಿ ಇನ್ನೊಂದನ್ನು ಸೇರಿಸುವುದು. ಎರಡನ್ನೂ ಒಟ್ಟಿಗೆ ಏರಿಸಬಾರದು.

ವಾರದಲ್ಲಿ ಎಲ್ಲಿ?

ಇಲ್ಲಿ ಮೂರು ನಿಯಮಗಳಿವೆ. ಕುಪ್ಪಳಿಕೆ ಓಟಕ್ಕೆ ಮೊದಲು ಬರಬೇಕು, ನಂತರ ಅಲ್ಲ. ಸಾಧ್ಯವಾದಷ್ಟು ಕಷ್ಟದ ದಿನಕ್ಕೇ ಸೇರಬೇಕು. ಲಾಂಗ್ ರನ್ನಿನ ಮರುದಿನ ಬರಲೇಬಾರದು.

ಓಟಕ್ಕೆ ಮೊದಲೇ ಏಕೆಂದರೆ ದಣಿದ ಮೀನಖಂಡ ಬಿಗಿಹಿಡಿಯುವುದಿಲ್ಲ. ಪಾದ ನೆಲಕ್ಕೆ ಅಂಟಿಕೊಳ್ಳುತ್ತದೆ, ಹೊರೆಯೆಲ್ಲ ರಜ್ಜಿಗೆ ಹೋಗುತ್ತದೆ, ಕಲಿಯುವುದು ಮಾತ್ರ ತಪ್ಪು ಲಯವನ್ನು. ನಾನೇ ಒಮ್ಮೆ ಹದಿನೆಂಟು ಕಿಲೋಮೀಟರ್ ಓಡಿ ಬಂದು, ಹೇಗೂ ಮೈ ಬಿಸಿಯಾಗಿದೆಯಲ್ಲ ಎಂದು ಕುಪ್ಪಳಿಸಿದ್ದೆ. ಮೂರು ವಾರ ಬೆಳಿಗ್ಗೆ ಹೊತ್ತು ಕುಂಟಿದ್ದು ಅದರ ಫಲ.

ಕಷ್ಟದ ದಿನಕ್ಕೇ ಏಕೆ ಎಂಬುದು ಹಲವರಿಗೆ ವಿಚಿತ್ರವೆನಿಸುತ್ತದೆ. ಹಗುರ ಓಟದ ದಿನ ಹೇಗೂ ಕೆಲಸ ಕಡಿಮೆ, ಅಂದು ಕುಪ್ಪಳಿಸಿದರೆ ಸಮವಾಯಿತಲ್ಲ ಎನ್ನುತ್ತಾರೆ. ಆದರೆ ವೇಗದ ಓಟವೂ ಅಕಿಲಿಸ್‌ಗೆ ದೊಡ್ಡ ಹೊರೆಯೇ. ಮಂಗಳವಾರ ವೇಗ, ಬುಧವಾರ ಕುಪ್ಪಳಿಕೆ, ಗುರುವಾರ ಮತ್ತೆ ಓಟ ಎಂದು ಹಂಚಿದರೆ ರಜ್ಜಿಗೆ ರಿಪೇರಿಗೆ ಒಂದೂ ದಿನ ಸಿಗುವುದಿಲ್ಲ. ಎರಡನ್ನೂ ಒಂದೇ ದಿನ ಮುಗಿಸಿದರೆ ಮರುದಿನ ನಿಜವಾದ ವಿಶ್ರಾಂತಿ. ಐವತ್ತು ಸೆಕೆಂಡಿನ ಕುಪ್ಪಳಿಕೆಯಿಂದ ಇಂಟರ್ವಲ್‌ಗಳು ಕೆಡುವುದಿಲ್ಲ. ಕೆಲವರಿಗಂತೂ ಕಾಲು ಎಚ್ಚೆತ್ತ ಹಾಗಾಗಿ ಮೊದಲ ಇಂಟರ್ವಲ್ ಸಲೀಸಾಗುತ್ತದೆ.

ಒಂದು ವಾರವನ್ನೇ ಬಿಡಿಸಿ ನೋಡೋಣ. ನನ್ನ ಜೊತೆ ಓಡುವ 42 ವರ್ಷದ ಒಬ್ಬರು ವಾರಕ್ಕೆ ನಾಲ್ಕು ದಿನ ಸೇರಿ 36 ಕಿಲೋಮೀಟರ್ ಓಡುತ್ತಿದ್ದರು. ಮಂಗಳವಾರ ಇಂಟರ್ವಲ್, ಬುಧವಾರ ಹಗುರ ಓಟ, ಶುಕ್ರವಾರ ಟೆಂಪೊ, ಭಾನುವಾರ ಲಾಂಗ್ ರನ್. ಹತ್ತು ಕಿಲೋಮೀಟರಿಗೆ 52 ನಿಮಿಷದ ಆಸುಪಾಸು. ಅವರಿಗೆ ಮಂಗಳವಾರ ಮತ್ತು ಶುಕ್ರವಾರ ಕುಪ್ಪಳಿಕೆ ಎಂದು ಗೊತ್ತುಮಾಡಿದೆವು. ಅಂದು ಮನೆಯಿಂದ ಹೊರಟು ಹತ್ತು ನಿಮಿಷ ಮೆಲ್ಲಗೆ ಓಡುವುದು, ನಿಂತು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸುವುದು, ಐದು ನಿಮಿಷದ ಕುಪ್ಪಳಿಕೆ, ಎರಡು ನಿಮಿಷ ನಡಿಗೆ, ಆಮೇಲೆ ಇಂಟರ್ವಲ್ ಅಥವಾ ಟೆಂಪೊ. ಶುಕ್ರವಾರ ಸಂಜೆ ಅವರು ಜಿಮ್‌ಗೂ ಹೋಗುತ್ತಿದ್ದರು. ತೂಕ ಹೊತ್ತು ಮಾಡುವ ಮೀನಖಂಡದ ವ್ಯಾಯಾಮ ಸಂಜೆಗೇ ಉಳಿಯಿತು, ಕುಪ್ಪಳಿಕೆಗೆ ಮೊದಲು ಬರಲಿಲ್ಲ. ಸೋಮವಾರ ಪೂರ್ತಿ ರಜೆ. ಮೊದಲ ಎರಡು ವಾರ ಮಂಗಳವಾರದ ಆರು ಇಂಟರ್ವಲ್‌ಗಳನ್ನು ಐದಕ್ಕಿಳಿಸಿದರು. ಹೊಸ ಹೊರೆ ಸೇರಿಸುವಾಗ ಹಳೆಯದನ್ನು ತುಸು ಇಳಿಸುವುದು ಜಾಣತನ.

ಮೂರನೆಯ ವಾರ ತೊಂದರೆ ಕಾಣಿಸಿತು. ಬುಧವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಬಲಗಾಲಿನ ಹಿಮ್ಮಡಿಯ ಮೇಲೆ ಬಿಗಿತ, ಹತ್ತು ನಿಮಿಷ ಓಡಾಡಿದ ಮೇಲೆ ಮಾಯ. ಓಡುವಾಗ ಏನೂ ಇಲ್ಲ. ಇದನ್ನು ಕಡೆಗಣಿಸುವುದು ಸುಲಭ, ಆದರೆ ರಜ್ಜು ದೂರು ಹೇಳುವ ರೀತಿಯೇ ಇದು. ಶುಕ್ರವಾರದ ಕುಪ್ಪಳಿಕೆ ಬಿಟ್ಟರು, ಓಟವನ್ನು ಹಗುರವಾಗಿಯೇ ಮುಗಿಸಿದರು. ವಿಚಾರಿಸಿದಾಗ ಅದೇ ವಾರ ಹಿಮ್ಮಡಿ ತಗ್ಗಾಗಿರುವ ಹೊಸ ಶೂ ಹಾಕಿದ್ದು ಗೊತ್ತಾಯಿತು. ಹಿಮ್ಮಡಿ ತಗ್ಗಿದಷ್ಟು ಅಕಿಲಿಸ್ ಹೆಚ್ಚು ಎಳೆಯಲ್ಪಡುತ್ತದೆ, ಎರಡು ಬದಲಾವಣೆ ಒಟ್ಟಿಗೆ ಬಿದ್ದಿದ್ದವು. ಹಳೆಯ ಶೂಗೆ ಮರಳಿ, ನಾಲ್ಕನೆಯ ವಾರ ಹೇಗೂ ಐದು ಸೆಟ್‌ನದೇ ಆದ್ದರಿಂದ ಅದನ್ನು ಮಾಡಿ ನೋಡಿದರು. ಬಿಗಿತ ಬರಲಿಲ್ಲ. ಅಲ್ಲಿಂದ ಮುಂದೆ ಹೋದರು.

ಈ ಬೆಳಗಿನ ಪರೀಕ್ಷೆಯನ್ನೇ ಎಲ್ಲರೂ ಇಟ್ಟುಕೊಳ್ಳಬಹುದು. ಕುಪ್ಪಳಿಸಿದ ಮರುದಿನ ಎದ್ದು ಮೊದಲ ಹೆಜ್ಜೆಗಳನ್ನು ಗಮನಿಸಿ. ಏನೂ ಇಲ್ಲದಿದ್ದರೆ ಯೋಜನೆಯಂತೆ ಮುಂದುವರಿಯಿರಿ. ಮೀನಖಂಡದ ಮಾಂಸದಲ್ಲಿ ಎರಡೂ ಕಡೆ ಸಮನಾದ ನೋವಿದ್ದರೆ ಅದು ಹೊಸ ವ್ಯಾಯಾಮದ ಮಾಮೂಲಿ ನೋವು, ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನ ರಜ್ಜಿನಲ್ಲಿ ಬಿಗಿತವಿದ್ದರೆ ಮುಂದಿನ ಸರದಿ ಬಿಡಿ, ಆಮೇಲೆ ಒಂದು ಮೆಟ್ಟಿಲು ಕೆಳಗಿಳಿದು ಶುರು ಮಾಡಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಅಥವಾ ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು ಮಾತ್ರ ಬೇರೆ ಕಥೆ. ಅದು ಮೂಳೆಯ ಬಿರುಕಿನ ಶುರುವಾಗಿರಬಹುದು, ಕುಪ್ಪಳಿಕೆ, ಓಟ ಎರಡನ್ನೂ ನಿಲ್ಲಿಸಿ ತೋರಿಸಿಕೊಳ್ಳಿ.

ಹಾಗಾದರೆ ಆ ಅಧ್ಯಯನದಲ್ಲಿ ದಿನವೂ ಕುಪ್ಪಳಿಸಿದರಲ್ಲ ಎಂಬ ಪ್ರಶ್ನೆ ಬರುತ್ತದೆ. ಹೌದು, ದಿನವೂ ಸ್ವಲ್ಪ ಸ್ವಲ್ಪ ಮಾಡುವುದೂ ಒಂದು ದಾರಿಯೇ, ಎರಡೂ ಕಾಲಿನಲ್ಲಿ ಮಾತ್ರ. ಪ್ಲೈಯೊಮೆಟ್ರಿಕ್‌ನ ಹಳೆಯ ಅಧ್ಯಯನಗಳಲ್ಲಿ ವಾರಕ್ಕೆ ಎರಡು ಮೂರು ದಿನ ಮಾಡಿಯೂ ಫಲ ಸಿಕ್ಕಿದೆ. ಎರಡರಿಂದಲೂ ಲಾಭವಿರುವಾಗ, ಕೆಲಸ, ಮನೆ, ನಿದ್ದೆಗೇಡಿನ ನಡುವೆ ಓಡುವ ನಡುವಯಸ್ಸಿನವರಿಗೆ ಎರಡು ದಿನದ್ದನ್ನೇ ನಾನು ಹೇಳುತ್ತೇನೆ. ಏನಾದರೂ ಕೆಟ್ಟರೆ ಯಾವ ದಿನದಿಂದ ಕೆಟ್ಟಿತು ಎಂದು ಹುಡುಕುವುದಾದರೂ ಸುಲಭ.

ರೇಸ್ ಇರುವ ವಾರ ಲೆಕ್ಕ ಬದಲಾಗುತ್ತದೆ. ಭಾನುವಾರ ರೇಸ್ ಇದ್ದರೆ ಮಂಗಳವಾರ ಐದೇ ಸೆಟ್ ಮಾಡಿ, ಶುಕ್ರವಾರದ್ದನ್ನು ಬಿಡಿ. ರೇಸ್ ಮುಗಿದ ಮೇಲೆ ಇಳಿಜಾರು ನಡೆಯುವಾಗ ಕಾಲು ನೋಯುವುದು ನಿಲ್ಲುವವರೆಗೂ ಕುಪ್ಪಳಿಕೆ ಬೇಡ.

ಫಲ ಬಂದಿದೆಯೆಂದು ಹೇಗೆ ತಿಳಿಯುವುದು?

ಎಕಾನಮಿಯನ್ನು ಸರಿಯಾಗಿ ಅಳೆಯಲು ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸುವ ಪ್ರಯೋಗಾಲಯ ಬೇಕು. ಮನೆಯಲ್ಲಿ ಸಿಗುವುದು ಅಂದಾಜು ಮಾತ್ರ. ಒಂದೇ ಸಮತಟ್ಟಾದ ದಾರಿ, ಒಂದೇ ವೇಗ, ಬೆಳಗಿನ ಒಂದೇ ಹೊತ್ತು ಆರಿಸಿಕೊಂಡು 20 ನಿಮಿಷ ಓಡಿ ಕೊನೆಯ ಹತ್ತು ನಿಮಿಷದ ಸರಾಸರಿ ಹೃದಯಬಡಿತ ಬರೆದಿಡಿ. ಶುರುವಿಗೆ ಮೊದಲು ಮೂರು ಬೇರೆ ಬೇರೆ ದಿನ, ಎಂಟು ವಾರದ ನಂತರ ಮೂರು ದಿನ. ಸೆಖೆ, ನಿದ್ದೆ, ಕಾಫಿ ಒಂದೊಂದೂ ಕೆಲವು ಬಡಿತಗಳ ವ್ಯತ್ಯಾಸ ತರುವುದರಿಂದ ಒಂದೇ ದಿನದ ಸಂಖ್ಯೆಯನ್ನು ನಂಬಬೇಡಿ.

ಒಳ್ಳೆಯ ಫಲ ಬಂದರೂ ಎಕಾನಮಿಯ ಸುಧಾರಣೆ ಶೇಕಡಾ ಎರಡು ಮೂರರ ಮಟ್ಟದ್ದು. 52 ನಿಮಿಷದ ಓಟದಲ್ಲಿ ಶೇಕಡಾ ಎರಡು ಎಂದರೆ ಒಂದು ನಿಮಿಷ, ಅದೂ ಪೂರ್ತಿಯಾಗಿ ಸಮಯಕ್ಕೆ ಇಳಿಯುವ ಖಾತರಿಯಿಲ್ಲ. ಮೇಲೆ ಹೇಳಿದವರ ಹೃದಯಬಡಿತ ಎಂಟು ವಾರದಲ್ಲಿ ಮೂರು ಕಡಿಮೆಯಾಯಿತು. ಅದರಲ್ಲಿ ಕುಪ್ಪಳಿಕೆಯ ಪಾಲೆಷ್ಟು, ಎಂಟು ವಾರದ ಓಟದ ಪಾಲೆಷ್ಟು ಎಂದು ಬೇರ್ಪಡಿಸಲು ನನಗೆ ಸಾಧ್ಯವಿಲ್ಲ. ಆದರೆ ವಿಡಿಯೊದಲ್ಲಿ ಪಾದ ನೆಲದ ಮೇಲಿರುವ ಫ್ರೇಮ್‌ಗಳು 63ರಿಂದ 50ಕ್ಕೆ ಇಳಿದಿದ್ದವು. ಓಟದ ಲಾಭ ಇನ್ನೂ ಕಾಣದಿದ್ದರೂ ಈ ಸಂಖ್ಯೆ ಇಳಿಯುತ್ತಿದ್ದರೆ ಕಾಲು ಕಲಿಯುತ್ತಿದೆ ಎನ್ನಬಹುದು. ಎಂಟು ವಾರವಾದರೂ ಅದು ಅಲುಗದಿದ್ದರೆ ಸೆಟ್ ಹೆಚ್ಚಿಸಬೇಡಿ, ಎತ್ತರ ಕಡಿಮೆ ಮಾಡಿ ಮತ್ತೆ ಚಿತ್ರಿಸಿ ನೋಡಿ.

ಎಂಟು ವಾರದ ನಂತರ ವಾರಕ್ಕೊಂದು ಸಲ, ಇಂಟರ್ವಲ್ ದಿನ, ಆರು ಸೆಟ್ ಮತ್ತು ಒಂಟಿಗಾಲಿನ ಎರಡು ಸೆಟ್ ಇಟ್ಟುಕೊಂಡರೆ ಗಳಿಸಿದ್ದನ್ನು ಕಾಪಾಡಿಕೊಳ್ಳಬಹುದು. ಜ್ವರವೋ ಪ್ರಯಾಣವೋ ಅಡ್ಡ ಬಂದು ಎರಡು ವಾರಕ್ಕಿಂತ ಹೆಚ್ಚು ತಪ್ಪಿಹೋದರೆ, ಬಿಟ್ಟಲ್ಲಿಂದ ಹಿಡಿಯಬೇಡಿ. ಒಂದು ವಾರದ ಮಟ್ಟಿಗಾದರೂ 10 ಸೆಕೆಂಡು ಕುಪ್ಪಳಿಕೆ, 50 ಸೆಕೆಂಡು ವಿರಾಮದ ಆ ಐದು ಸೆಟ್‌ಗಳಿಂದಲೇ ಮತ್ತೆ ಶುರು ಮಾಡಿ.